ಪಕ್ಕಪಕ್ಕ ಇಟ್ಟ ಎರಡು ಪೈಲಟ್

ಹೋದ ತಿಂಗಳು ತಮ್ಮನ ಮಗ ಮನೆಗೆ ಬಂದಿದ್ದ. ಊಟ ಆದ ಮೇಲೆ ಕೈಯಿಂದ ವಾಚು ಬಿಚ್ಚಿ ನನ್ನ ಮುಂದೆ ಇಟ್ಟ. "ದೊಡ್ಡಪ್ಪ, ಎಚ್‌ಎಂಟಿ ಪೈಲಟ್ ತಗೊಂಡೆ, ಆನ್‌ಲೈನಲ್ಲಿ. ಎಪ್ಪತ್ತರ ದಶಕದ್ದಂತೆ. ನೋಡಿ, ಒಂದು ಗೀರೂ ಇಲ್ಲ" ಅಂದ. ಮುಖದಲ್ಲಿ ಅಷ್ಟು ಖುಷಿ. ಎರಡೂವರೆ ಸಾವಿರ ಕೊಟ್ಟಿದ್ದನಂತೆ. ಕಪ್ಪು ಡಯಲ್ ಮಿರಮಿರ ಮಿಂಚುತ್ತಿತ್ತು. ಅಂಕಿಗಳು ಹಾಲಿನ ಹಾಗೆ ಬಿಳಿ.

ನಾನು ತಕ್ಷಣ ಏನೂ ಹೇಳಲಿಲ್ಲ. ಒಳಗೆ ಹೋಗಿ ಅಪ್ಪನ ಪೈಲಟ್ ತಂದೆ. ಅಪ್ಪ ತಿಪಟೂರಿನಲ್ಲಿ ಮೇಷ್ಟ್ರಾಗಿದ್ದಾಗ ಕೊಂಡದ್ದು, 1976ರಲ್ಲಿ. ಅಂದಿನಿಂದ ಮನೆಯವರ ಕೈ ಬಿಟ್ಟು ಬೇರೆಯವರ ಕೈಗೆ ಹೋಗಿಲ್ಲ. ಎರಡನ್ನೂ ಕಿಟಕಿಯ ಹತ್ತಿರ ಬಿಳಿ ಟವೆಲ್ ಮೇಲೆ ಪಕ್ಕಪಕ್ಕ ಇಟ್ಟೆವು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಐ ಗ್ಲಾಸ್ ಅವನ ಕೈಗೆ ಕೊಟ್ಟೆ. ಆ ಮಧ್ಯಾಹ್ನ ನಾವಿಬ್ಬರೂ ಏನೇನು ನೋಡಿದೆವೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ವಾಚು ಕೊಳ್ಳೋ ಆಸೆ ಇರುವ ಹುಡುಗರು ಈಗ ಜಾಸ್ತಿ ಆಗಿದ್ದಾರೆ. ಅವರ ಕೈಗೆ ಹೆಚ್ಚಾಗಿ ಸಿಗುತ್ತಿರುವುದು ಡಯಲ್ ಮತ್ತೆ ಬಳಿದು, ಅಲ್ಲಿಲ್ಲಿಯ ಭಾಗ ಸೇರಿಸಿ ಒರಿಜಿನಲ್ ಅಂತ ಮಾರುವ ಇಂಥ ವಾಚುಗಳೇ.

ಪೈಲಟ್‌ಗೇ ಯಾಕೆ ಈ ಪಾಡು ಅಂತ ಮೊದಲು ಹೇಳಿಬಿಡುತ್ತೇನೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಜಾಲಹಳ್ಳಿಯಲ್ಲಿ ವಾಚು ಮಾಡಲು ಶುರು ಮಾಡಿತು. ಜನತಾ ಅನ್ನೋ ಕೀ ಕೊಡೋ ವಾಚು ಮನೆಮನೆಗೆ ಹೋಯಿತು. ಆ ಜನತಾದ ಒಳಗೂ ಪೈಲಟ್‌ನ ಒಳಗೂ ಇರುವುದು ಒಂದೇ ಮೆಷಿನ್, 17 ಜ್ಯುವೆಲ್‌ನ, ಅಂದರೆ ಚಕ್ರದ ಕಂಬಿಗಳು ಕೂರುವ 17 ಹರಳಿನ, 0231 ನಂಬರಿನದು. ಈಗ ಬೆಲೆ ನೋಡಿ. ಜನತಾ ಲೆಕ್ಕವಿಲ್ಲದಷ್ಟಿವೆ, ಅದಕ್ಕೆ ಅಗ್ಗ. ಪೈಲಟ್‌ಗೆ ಬೇಡಿಕೆ, ಅದಕ್ಕೆ ದುಬಾರಿ. ಮೆಷಿನ್ ಒಂದೇ ಆದ್ದರಿಂದ ಒಂದರ ಡಯಲ್ ಇನ್ನೊಂದಕ್ಕೆ ಕೂರುತ್ತೆ. ಮುಳ್ಳುಗಳೂ ಕೂರುತ್ತವೆ. ಹಾಳಾದ ಜನತಾಗೆ ಕಪ್ಪು ಡಯಲ್ ಹಾಕಿ ಪೈಲಟ್ ಅಂತ ಬರೆದರೆ ಕೆಲಸ ಮುಗೀತು. ಅರ್ಧ ಗಂಟೆಯ ಕೆಲಸ.

ಹಾಗಾಗಿ ಪೈಲಟ್ ವಿಷಯದಲ್ಲಿ ಹಿಂದಿನ ಮುಚ್ಚಳ ತೆಗೆದು "ನೋಡಿ ಸಾರ್, ಒರಿಜಿನಲ್ ಎಚ್‌ಎಂಟಿ ಮೆಷಿನ್" ಅಂತ ತೋರಿಸಿದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಮೆಷಿನ್ ನಿಜವಾಗಿಯೂ ಎಚ್‌ಎಂಟಿಯದೇ. ಅದು ಹುಟ್ಟಿದ್ದು ಪೈಲಟ್ ಆಗಿಯಾ, ಜನತಾ ಆಗಿಯಾ ಅನ್ನೋದು ಪ್ರಶ್ನೆ. ಉತ್ತರ ಸಿಗಬೇಕಾದದ್ದು ಡಯಲ್‌ನಲ್ಲಿ, ಮುಳ್ಳಿನಲ್ಲಿ, ಕೇಸ್‌ನಲ್ಲಿ.

ಮೊದಲು ಅಕ್ಷರ ನೋಡು ಅಂದೆ ಅವನಿಗೆ.

ಕಾರ್ಖಾನೆಯಲ್ಲಿ ಡಯಲ್ ಮೇಲೆ ಅಕ್ಷರ ಹಾಕುವ ಬಗೆ ಹೀಗೆ. ಲೋಹದ ತಟ್ಟೆಯಲ್ಲಿ ಅಕ್ಷರಗಳನ್ನು ತೆಳ್ಳಗೆ ಕೊರೆದಿರುತ್ತಾರೆ. ಆ ಕೊರೆದ ಜಾಗಕ್ಕೆ ಮಸಿ ತುಂಬಿಸಿ, ಮೇಲಿನದನ್ನು ಒರೆಸಿ, ಮೆತ್ತನೆಯ ಗುಂಡು ಪ್ಯಾಡ್ ಒತ್ತಿ ಮಸಿ ಎತ್ತಿಕೊಳ್ಳುತ್ತಾರೆ. ಅದೇ ಪ್ಯಾಡನ್ನು ಡಯಲ್ ಮೇಲೆ ಒತ್ತುತ್ತಾರೆ. ಒಂದೇ ತಟ್ಟೆ, ಒಂದೇ ಒತ್ತಡ, ಒಂದೇ ಜಾಗ. ಹೀಗೆ ಬಿದ್ದ ಮಸಿ ಡಯಲ್ ಮೇಲೆ ಕೂದಲೆಳೆಯಷ್ಟು ಎದ್ದು ನಿಲ್ಲುತ್ತೆ. ಬೆಳಕು ಓರೆಯಾಗಿ ಬೀಳುವ ಹಾಗೆ ವಾಚು ಹಿಡಿದರೆ ಅಕ್ಷರಕ್ಕೆ ಅಂಚು ಇರುವುದು ಕಾಣುತ್ತೆ. ಗೆರೆಗಳ ದಪ್ಪ ಒಂದೇ ಸಮ.

ಅಪ್ಪನ ವಾಚಿನಲ್ಲಿ 17 ಜ್ಯುವೆಲ್ಸ್ ಅಂತ ಇಂಗ್ಲಿಷಿನಲ್ಲಿ ಬರೆದ ಸಾಲು ನೋಡಿದ. ಅಷ್ಟು ಸಣ್ಣ ಅಕ್ಷರ, ಆದರೂ ಅದರಲ್ಲಿ ಬರುವ 'ಇ' ಅಕ್ಷರದ ಹೊಟ್ಟೆಯ ತೂತು ತೆರೆದೇ ಇದೆ. ನಂತರ ತನ್ನ ವಾಚು ನೋಡಿದ. ಸ್ವಲ್ಪ ಹೊತ್ತು ಮಾತಿಲ್ಲ. "ಇದರಲ್ಲಿ ತೂತು ಮುಚ್ಚಿಹೋಗಿದೆ ದೊಡ್ಡಪ್ಪ" ಅಂದ. ಹೌದು, ಮಸಿ ಹರಡಿ ತೂತು ತುಂಬಿತ್ತು. ಪಕ್ಕದ ಅಕ್ಷರದ ಕಾಲು ಒಂದು ದಪ್ಪ, ಒಂದು ಸಣ್ಣ. ಎರಡು ಅಕ್ಷರ ಒಂದಕ್ಕೊಂದು ಅಂಟಿಕೊಂಡಿದ್ದವು. ಬರಿಗಣ್ಣಿಗೆ ಇದ್ಯಾವುದೂ ಕಾಣುವುದಿಲ್ಲ. ಐ ಗ್ಲಾಸ್‌ನಲ್ಲಿ ಮಾತ್ರ ಬಚ್ಚಿಡಲು ಆಗುವುದಿಲ್ಲ.

ಆಮೇಲೆ ನಿಮಿಷದ ಗೆರೆಗಳು. ಡಯಲ್ ಅಂಚಿನಲ್ಲಿ ಅರವತ್ತು ಗೆರೆ ಇರುತ್ತವಲ್ಲ, ಅವುಗಳ ನಡುವಿನ ಜಾಗ ಒಂದೇ ಸಮ ಇರಬೇಕು. ಹನ್ನೆರಡರ ಗೆರೆ ಹನ್ನೆರಡು ಅನ್ನೋ ಅಂಕಿಯ ನಟ್ಟನಡುವೆ ಬರಬೇಕು, ಆರರದ್ದು ಆರರ ನಡುವೆ. ಕೀ ತಿರುಗುಣಿ ಹೊರಕ್ಕೆ ಎಳೆದು, ನಿಮಿಷದ ಮುಳ್ಳನ್ನು ಒಂದೊಂದೇ ಗೆರೆಯ ಮೇಲೆ ನಿಲ್ಲಿಸುತ್ತಾ ಒಂದು ಸುತ್ತು ಹಾಕಿ ನೋಡಿ. ಕಾರ್ಖಾನೆಯ ಡಯಲ್‌ನಲ್ಲಿ ಮುಳ್ಳಿನ ತುದಿಗೂ ಗೆರೆಗೂ ಸಂಬಂಧ ಸುತ್ತಲೂ ಒಂದೇ ಥರ ಇರುತ್ತೆ. ಅವನ ವಾಚಿನಲ್ಲಿ ಮೂರರ ಕಡೆ ಮುಳ್ಳು ಗೆರೆಯನ್ನು ಮುಟ್ಟುತ್ತಿತ್ತು, ಒಂಬತ್ತರ ಕಡೆ ಮುಟ್ಟದೆ ಹಿಂದೆ ನಿಲ್ಲುತ್ತಿತ್ತು. ಅಂದರೆ ಗೆರೆಗಳ ಚಕ್ರ ನಡುವಿನ ತೂತಿಗೆ ಸರಿಯಾಗಿ ಕೂತಿಲ್ಲ, ಒಂದು ಕಡೆಗೆ ಸರಿದಿದೆ. ಒತ್ತುವಾಗ ಡಯಲ್ ಒಂದು ಎಳೆ ಜರುಗಿದರೂ ಸಾಕು, ಹೀಗಾಗುತ್ತೆ.

ಮೂರನೆಯದು ಬಣ್ಣದ ಮೈ. ಇದನ್ನು ಮಾತಿನಲ್ಲಿ ಹೇಳುವುದು ಸ್ವಲ್ಪ ಕಷ್ಟ, ನೋಡಿದರೆ ತಕ್ಷಣ ತಿಳಿಯುತ್ತೆ. ಡಯಲ್ ಅಂದರೆ ಮೂಲದಲ್ಲಿ ಹಿತ್ತಾಳೆಯ ತೆಳು ಬಿಲ್ಲೆ. ಹಳೆಯದನ್ನು ಹೊಸದು ಮಾಡುವವರು ಇದ್ದ ಬಣ್ಣವನ್ನು ತಿನ್ನರ್ ಹಾಕಿ ತೆಗೆದು, ಉಜ್ಜಿ, ಮತ್ತೆ ಬಣ್ಣ ಸಿಂಪಡಿಸುತ್ತಾರೆ. ಆ ಬಣ್ಣ ದಪ್ಪ ಕೂರುತ್ತೆ. ಮುಳ್ಳುಗಳ ಕಂಬಿ ಹಾದುಹೋಗುವ ನಡುವಿನ ತೂತನ್ನು ನೋಡಿ. ಕಾರ್ಖಾನೆಯದರಲ್ಲಿ ತೂತಿನ ಅಂಚು ಚೂಪಾಗಿರುತ್ತೆ. ಮತ್ತೆ ಬಳಿದಿದ್ದರಲ್ಲಿ ಬಣ್ಣ ಅಂಚಿನಿಂದ ಒಳಕ್ಕೆ ಇಳಿದು, ದೋಸೆ ಹಂಚಿನ ಅಂಚಿನಲ್ಲಿ ಹಿಟ್ಟು ದುಂಡಗೆ ನಿಂತ ಹಾಗೆ ನಿಂತಿರುತ್ತೆ. ಬಣ್ಣದ ಒಳಗೆ ಧೂಳಿನ ಕಣ ಸಿಕ್ಕಿ ಸಣ್ಣ ಗುಳ್ಳೆ ಎದ್ದಿರುತ್ತೆ. ಅವನ ವಾಚಿನಲ್ಲಿ ಎಂಟರ ಪಕ್ಕ ಒಂದು ಎಳೆ ದಾರ ಬಣ್ಣದ ಒಳಗೇ ಉಳಿದುಬಿಟ್ಟಿತ್ತು. ಬಟ್ಟೆಯಿಂದ ಒರೆಸಿದ್ದರ ಗುರುತು.

ಕೆಲವು ವಾಚುಗಳಲ್ಲಿ ಅಂಕಿಯ ಬದಲು ಲೋಹದ ಕಡ್ಡಿಗಳನ್ನು ಕೂರಿಸಿರುತ್ತಾರೆ. ಅವನ್ನು ಕೀಳದೆ ಸುಮ್ನೆ ಮೇಲಿಂದ ಬಣ್ಣ ಹೊಡೆದಿದ್ದರೆ ಕಡ್ಡಿಯ ಬುಡದಲ್ಲಿ ಬಣ್ಣ ಗಟ್ಟಿಯಾಗಿ ನಿಂತಿರುತ್ತೆ. ತಾರೀಖಿನ ಕಿಟಕಿ ಇದ್ದರೆ ಅದರ ಅಂಚೂ ಇದೇ ಕಥೆ ಹೇಳುತ್ತೆ. ಪೈಲಟ್‌ನಲ್ಲಿ ಇವೆರಡೂ ಇಲ್ಲ, ಆದ್ದರಿಂದ ನಾವು ತೂತಿನ ಅಂಚನ್ನೇ ನಂಬಿದೆವು.

ಇಷ್ಟು ಹೊತ್ತಿಗೆ ಹುಡುಗನ ಮುಖ ಸಣ್ಣಗಾಗಿತ್ತು. ಆದರೂ ಬಿಡದೆ ನೋಡುತ್ತಿದ್ದ. ಅದು ನನಗೆ ಇಷ್ಟವಾಯಿತು.

ರೇಡಿಯಂ ನೋಡೋಣ ಅಂದೆ. ನಮ್ಮಲ್ಲಿ ಕತ್ತಲಲ್ಲಿ ಹೊಳೆಯುವ ಎಲ್ಲ ಬಣ್ಣಕ್ಕೂ ರೇಡಿಯಂ ಅಂತಲೇ ಹೆಸರು. ರಸ್ತೆಯಲ್ಲಿ ಗಾಡಿಗೆ ಅಂಟಿಸುವ ಸ್ಟಿಕ್ಕರ್ ಕೂಡ ರೇಡಿಯಂ. ವಾಚುಗಳಲ್ಲಿ ವಿಕಿರಣ ಸೂಸುವ ನಿಜವಾದ ರೇಡಿಯಂ ಬಳಸುತ್ತಿದ್ದದ್ದು ಸುಮಾರು ಅರವತ್ತರ ದಶಕದ ಆರಂಭದವರೆಗೆ. ಆಮೇಲೆ ಅದರ ಜಾಗಕ್ಕೆ ಟ್ರಿಟಿಯಂ ಥರದ್ದು ಬಂತು. ಸ್ವಿಸ್ ವಾಚುಗಳಲ್ಲಿ ಆರರ ಕೆಳಗೆ ಟಿ ಸ್ವಿಸ್ ಟಿ ಅಂತ ಇಂಗ್ಲಿಷಿನಲ್ಲಿ ಇರುವುದು ಟ್ರಿಟಿಯಂ ಗುರುತು. ಈಗಿನವುಗಳಲ್ಲಿ ವಿಕಿರಣವೇ ಇಲ್ಲದ, ಬೆಳಕು ಕುಡಿದು ಬೆಳಕು ಬಿಡುವ ಪುಡಿ.

ಇದರಿಂದ ನಮಗೆ ಏನು ಉಪಯೋಗ ಅಂದರೆ, ಹಳೆಯ ಹೊಳಪಿಗೆ ಆಯಸ್ಸು ಇದೆ. ಟ್ರಿಟಿಯಂನ ಶಕ್ತಿ ಹನ್ನೆರಡು ವರ್ಷ ಚಿಲ್ಲರೆಗೆ ಅರ್ಧಕ್ಕೆ ಇಳಿಯುತ್ತೆ. ಐವತ್ತು ವರ್ಷಕ್ಕೆ ಸುಮಾರು ಹದಿನಾರರಲ್ಲಿ ಒಂದು ಪಾಲು ಉಳಿಯುತ್ತೆ. ರೇಡಿಯಂ ಬೇರೆ ಥರ. ಅದು ಸಾವಿರಾರು ವರ್ಷ ಇರುತ್ತೆ, ಆದರೆ ಅದರ ಜೊತೆ ಬೆರೆಸಿದ ಹೊಳೆಯುವ ಪುಡಿ ಅದರ ಏಟಿಗೇ ಸುಟ್ಟುಹೋಗುತ್ತೆ. ಎರಡರಲ್ಲಿ ಯಾವುದಾದರೂ ಸರಿ, ಅರ್ಧ ಶತಮಾನ ಕಳೆದ ವಾಚು ರಾತ್ರಿ ಜಗ್ಗನೆ ಹೊಳೆಯಬಾರದು.

ಇಬ್ಬರೂ ಎರಡು ವಾಚನ್ನು ಮೊಬೈಲ್ ಟಾರ್ಚಿನ ಕೆಳಗೆ ಒಂದು ನಿಮಿಷ ಹಿಡಿದು, ದೇವರ ಮನೆ ಪಕ್ಕದ ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡೆವು. ಅಪ್ಪನ ವಾಚು ಒಂದು ಕ್ಷಣ ಮಂಕಾಗಿ ಕಂಡು ಆರಿತು. ಅವನದು ಹಸಿರಾಗಿ ಹೊಳೆಯುತ್ತಲೇ ಇತ್ತು. ಕಾಫಿ ಕುಡಿದು ಬಂದು ಮತ್ತೆ ನೋಡಿದರೂ ಸ್ವಲ್ಪ ಹೊಳಪು ಉಳಿದಿತ್ತು. ಐವತ್ತು ವರ್ಷದ ಬಣ್ಣಕ್ಕೆ ಅಷ್ಟು ಉಸಿರು ಇರುವುದಿಲ್ಲ.

ಬೆಳಕಿಗೆ ತಂದು ಬಣ್ಣವನ್ನೂ ಹೋಲಿಸಿದೆವು. ಅಪ್ಪನದರಲ್ಲಿ ಅಂಕಿಗಳ ಮೇಲಿನದು ಹಳೆಯ ಬೆಣ್ಣೆಯ ಬಣ್ಣಕ್ಕೆ ತಿರುಗಿದೆ. ಮುಳ್ಳಿನ ಮೇಲಿನದೂ ಅದೇ ಬಣ್ಣ. ಎರಡೂ ಒಟ್ಟಿಗೇ ಹುಟ್ಟಿ ಒಟ್ಟಿಗೇ ಮುದಿಯಾಗಿವೆ. ಒಂದು ಎಚ್ಚರಿಕೆ ಇಲ್ಲಿ ಹೇಳಬೇಕು. ಮುಳ್ಳಿನ ಒಳಗಿನ ಪುಡಿ ಒಣಗಿ ಉದುರುವುದು ಸಹಜ. ರಿಪೇರಿಯವರು ಮುಳ್ಳಿಗೆ ಮಾತ್ರ ಹೊಸದಾಗಿ ತುಂಬಿರಬಹುದು, ಅಥವಾ ಮುಳ್ಳೇ ಬದಲಾಯಿಸಿರಬಹುದು. ಆಗ ಡಯಲ್ ಹಳದಿ, ಮುಳ್ಳು ಬಿಳಿ ಇರುತ್ತೆ. ಅದರಿಂದ ಡಯಲ್ ಸುಳ್ಳಾಗುವುದಿಲ್ಲ, ಮುಳ್ಳು ಹೊಸದು ಅಂತ ಅಷ್ಟೇ ಅರ್ಥ. ಅನುಮಾನ ಪಡಬೇಕಾದದ್ದು ಉಲ್ಟಾ ಇದ್ದಾಗ. ಮುಳ್ಳು ತುಕ್ಕು ಹಿಡಿದು ಕಂದು ಬಣ್ಣಕ್ಕೆ ಬಂದಿದೆ, ಡಯಲ್ ನಿನ್ನೆ ಬಂದ ಹಾಗಿದೆ ಅಂದರೆ ಅದು ಹೇಗೆ ಸಾಧ್ಯ? ಒಂದೇ ಗಾಜಿನ ಕೆಳಗೆ, ಒಂದೇ ತೇವದಲ್ಲಿ ಇದ್ದವಲ್ವಾ ಎರಡೂ?

ಇನ್ನೊಂದು ಮಾತು. ಐವತ್ತರ ದಶಕದ ಸ್ವಿಸ್ ವಾಚೇನಾದರೂ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕರೆ ಅದರ ಹೊಳಪಿನ ಬಣ್ಣವನ್ನು ಕೆರೆಯಲು ಹೋಗಬೇಡಿ. ಹೊಳಪು ಸತ್ತಿದ್ದರೂ ರೇಡಿಯಂ ಸತ್ತಿರುವುದಿಲ್ಲ. ಅದರ ಪುಡಿ ಮೂಗಿಗೆ ಹೋಗುವುದು ಒಳ್ಳೆಯದಲ್ಲ. ಅಂಥ ವಾಚು ವರ್ಷಗಟ್ಟಲೆ ನಿಂತೇ ಇದ್ದಿದ್ದರೆ ಮುಳ್ಳು ನಿಂತ ಜಾಗದಲ್ಲಿ ಡಯಲ್ ಮೇಲೆ ಮುಳ್ಳಿನ ಆಕಾರದ ಕಂದು ಕಲೆ ಬಿದ್ದಿರುತ್ತೆ. ನೋಡಲು ಕೊಳಕು ಅನ್ನಿಸುತ್ತೆ. ಆದರೆ ಆ ಡಯಲ್ಲೂ ಆ ಮುಳ್ಳೂ ಬಹಳ ಕಾಲ ಜೊತೆಗಿದ್ದವು ಅನ್ನೋದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಕೇಸ್ ವಿಷಯ ಬೇಗ ಮುಗಿಸುತ್ತೇನೆ. ಹಳೆಯ ಅಗ್ಗದ ಕೇಸ್‌ಗಳು ಹೆಚ್ಚಾಗಿ ಹಿತ್ತಾಳೆಯವು, ಮೇಲೆ ಕ್ರೋಮ್ ಲೇಪ, ಹಿಂದಿನ ಮುಚ್ಚಳ ಮಾತ್ರ ಸ್ಟೀಲು. ಬೆವರು ತಾಗುವ ಕಡೆ, ಸ್ಟ್ರಾಪ್ ಕೂರುವ ಕೊಂಬುಗಳ ಒಳಗೆ ಲೇಪ ಹೋಗಿ ಹಳದಿ ಕಾಣುತ್ತೆ, ಸಣ್ಣ ಗುಳಿ ಬೀಳುತ್ತೆ. ಅದಕ್ಕೆ ಮತ್ತೆ ಲೇಪ ಹಾಕಿಸಿದರೆ ಹೊಳಪು ಬರುತ್ತೆ, ಗುಳಿ ಮಾತ್ರ ಹೋಗುವುದಿಲ್ಲ. ಹೊಳೆಯುವ ಗುಳಿ ಕಂಡರೆ ಆ ಕೇಸ್ ಎರಡನೇ ಸಲ ಲೇಪ ಕಂಡಿದೆ ಅಂತ ಲೆಕ್ಕ. ತುಂಬಾ ಸಲ ಪಾಲಿಶ್ ಆದ ಕೇಸಿನ ಮೂಲೆಗಳು ಬಾಯಲ್ಲಿ ಇಟ್ಟ ಪೆಪ್ಪರಮೆಂಟಿನ ಹಾಗೆ ದುಂಡಗಾಗಿರುತ್ತವೆ. ಹುಡುಗನ ವಾಚಿನಲ್ಲಿ ಎರಡೂ ಇದ್ದವು.

ಕೊನೆಗೆ ಹಿಂದಿನ ಮುಚ್ಚಳ ತೆಗೆದೆ. ಒಳಗೆ 0231, ಚೆನ್ನಾಗಿ ಓಡುತ್ತಿತ್ತು, ಎಣ್ಣೆಯೂ ಹೊಸದು. ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀಚಿದ ಗುರುತುಗಳು ಮೂರು. ರಿಪೇರಿಯವರು ಸರ್ವಿಸ್ ಮಾಡಿದಾಗ ತಮ್ಮ ಗುರುತನ್ನೋ ತಾರೀಖನ್ನೋ ಹೀಗೆ ಗೀಚಿ ಇಡುವುದು ಹಳೆಯ ರೂಢಿ. ಹಾಗಾದರೆ ಈ ಮುಚ್ಚಳ ಕಡಿಮೆ ಅಂದರೂ ಮೂರು ಸಲ ಯಾರದೋ ಮೇಜಿನ ಮೇಲೆ ಬಿಚ್ಚಿಕೊಂಡಿದೆ. ಅಷ್ಟು ಓಡಾಡಿದ ವಾಚಿನ ಡಯಲ್ ಮೇಲೆ ಒಂದು ಗೀರೂ ಇಲ್ಲ ಅಂದರೆ ಅದನ್ನು ನಂಬುವುದು ಹೇಗೆ? ಮೆಷಿನ್ ಕೇಸಿನಿಂದ ಹೊರಗೆ ತೆಗೆದಾಗ ಇನ್ನೂ ಒಂದು ವಿಷಯ ಕಂಡಿತು. ಡಯಲ್ ಹಿಂಬದಿಯಲ್ಲಿ ಎರಡು ಸಣ್ಣ ಕಾಲು ಇರುತ್ತವೆ. ಅವು ಮೆಷಿನ್ನಿನ ತೂತಿಗೆ ಇಳಿದು, ಪಕ್ಕದ ಸಣ್ಣ ತಿರುಪಿನಿಂದ ಬಿಗಿಯಾಗುತ್ತವೆ. ಇದರಲ್ಲಿ ಒಂದು ಕಾಲು ಮುರಿದಿತ್ತು, ಅದರ ಬದಲು ಗಮ್ ಹಾಕಿದ್ದರು. ಡಯಲ್ ಹಿಂಬದಿ ಹಳೆಯ ಹಿತ್ತಾಳೆ, ಕಪ್ಪು ಕಟ್ಟಿ ಗೀರುಗಳಿಂದ ತುಂಬಿದೆ. ಮುಂಭಾಗ ಮದುವಣಗಿತ್ತಿಯ ಹಾಗೆ. ಒಂದೇ ಬಿಲ್ಲೆಗೆ ಎರಡು ವಯಸ್ಸು.

"ಹಂಗಾದ್ರೆ ಪೂರಾ ಡೂಪ್ಲಿಕೇಟಾ?" ಅಂದ.

ಪೂರಾ ಅಲ್ಲ, ಅಂದೆ. ಇದರಲ್ಲಿ ಇರುವ ಮೆಷಿನ್ ನಿಜವಾದ ಎಚ್‌ಎಂಟಿ. ಕೇಸೂ ಹಳೆಯದು. ಡಯಲ್ ಮತ್ತೆ ಬಳಿದದ್ದು. ಮುಳ್ಳು ಎಲ್ಲಿಯದೋ. ಹುಟ್ಟಿದಾಗ ಪೈಲಟ್ ಆಗಿತ್ತಾ ಅನ್ನೋದಕ್ಕೆ ಆಧಾರ ಇಲ್ಲ. ಗಡಿಯಾರ ಸಂಗ್ರಹಿಸುವವರು ಇಂಥದ್ದಕ್ಕೆ ಫ್ರಾಂಕನ್ ವಾಚ್ ಅಂತಾರೆ, ಹತ್ತು ಕಡೆಯ ಅಂಗ ಜೋಡಿಸಿ ಎಬ್ಬಿಸಿದ್ದು ಅಂತ.

ಪೈಲಟ್‌ನಲ್ಲಿ ಹೀಗೆ ಕಣ್ಣಿನಿಂದಲೇ ಪತ್ತೆ ಮಾಡಬೇಕು. ಆದರೆ ಎಲ್ಲ ವಾಚೂ ಇಷ್ಟು ಕಷ್ಟ ಕೊಡುವುದಿಲ್ಲ. ಹುಡುಗನ ಗೆಳೆಯನ ಹತ್ತಿರ ಒಂದು ಸೈಕೋ ಫೈವ್ ಇದೆಯಂತೆ. ಅದನ್ನೂ ಮುಂದಿನ ಭಾನುವಾರ ತಂದರು. ಸೈಕೋ ಕಂಪನಿಯವರು ತಮ್ಮ ಹಳೆಯ ವಾಚಿನ ಪ್ರತಿ ಭಾಗದ ಮೇಲೂ ವಿಳಾಸ ಬರೆದು ಕಳಿಸಿದ್ದಾರೆ. ಓದಲು ಬಂದರೆ ಸಾಕು.

ಹಿಂದಿನ ಮುಚ್ಚಳದ ಮೇಲೆ ನಾಲ್ಕು ಅಂಕಿ, ಒಂದು ಅಡ್ಡಗೆರೆ, ಮತ್ತೆ ನಾಲ್ಕು ಅಂಕಿ ಇರುತ್ತೆ. ಮೊದಲ ನಾಲ್ಕು ಒಳಗಿನ ಮೆಷಿನ್ನಿನ ನಂಬರು. ಆಮೇಲಿನ ನಾಲ್ಕು ಕೇಸಿನದು. ನೀರಿನ ಆಳಕ್ಕೆ ಇಳಿಯುವ ಡೈವರುಗಳ ಹೆಸರಾಂತ ವಾಚು 6309-7040 ಅಂದರೆ 6309 ಮೆಷಿನ್, 7040 ಕೇಸು. ಡಯಲ್‌ನ ಆರರ ಕೆಳಗೆ, ಅಂಚಿಗೆ ಅಂಟಿದ ಹಾಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಡಯಲ್ ನಂಬರು. ಅದರಲ್ಲೂ ಮೊದಲ ನಾಲ್ಕು ಮೆಷಿನ್ ನಂಬರೇ. ಮೆಷಿನ್ ಮೇಲೆ, ಕೈ ಆಡಿದ ಹಾಗೆ ತೂಗಿ ತಾನೇ ಕೀ ಕೊಡುವ ರೋಟರಿನ ಹತ್ತಿರ, ಅದೇ ನಂಬರು ಇನ್ನೊಂದು ಸಲ. ಈ ಮೂರು ಕಡೆಯ ಮೊದಲ ನಾಲ್ಕು ಅಂಕಿ ಒಂದೇ ಆಗಿರಬೇಕು. ಕೊನೆಯ ನಾಲ್ಕರಲ್ಲಿ ಡಯಲಿಗೂ ಕೇಸಿಗೂ ಸ್ವಲ್ಪ ವ್ಯತ್ಯಾಸ ಇರಬಹುದು, ಅದು ತಪ್ಪಲ್ಲ.

ಮುಚ್ಚಳದ ಮೇಲೆ ಆರು ಅಂಕಿಯ ಇನ್ನೊಂದು ಸಾಲು ಇರುತ್ತೆ. ಅದರಲ್ಲಿ ಮೊದಲನೆಯದು ಇಸವಿಯ ಕೊನೆಯ ಅಂಕಿ, ಎರಡನೆಯದು ತಿಂಗಳು. ಒಂದರಿಂದ ಒಂಬತ್ತು ಜನವರಿಯಿಂದ ಸೆಪ್ಟೆಂಬರ್. ಆಮೇಲಿನ ಮೂರು ತಿಂಗಳಿಗೆ ಇಂಗ್ಲಿಷಿನ ಓ, ಎನ್, ಡಿ. ದಶಕವನ್ನು ಮಾತ್ರ ಅದು ಹೇಳುವುದಿಲ್ಲ. ಅದನ್ನು ಮೆಷಿನ್ನಿನಿಂದ ಊಹಿಸಬೇಕು. ಗೆಳೆಯನ ವಾಚಿನ ಮುಚ್ಚಳದ ಮೇಲೆ ಮೆಷಿನ್ ನಂಬರು 6309, ಈ ಆರು ಅಂಕಿಯ ಸಾಲಿನಲ್ಲಿ ಮೊದಲು ಸೊನ್ನೆ, ಆಮೇಲೆ ಡಿ. 6309 ಮೆಷಿನ್ ಬಂದದ್ದು ಎಪ್ಪತ್ತರ ದಶಕದ ಕೊನೆ, ಹೋದದ್ದು ಎಂಬತ್ತರ ದಶಕದಲ್ಲಿ. ಹಾಗಾದರೆ ಸೊನ್ನೆ ಅಂದರೆ 1980, ಡಿಸೆಂಬರ್.

ಇಲ್ಲಿಯವರೆಗೆ ಎಲ್ಲ ಸರಿ ಇತ್ತು. ಮುಚ್ಚಳ ತೆಗೆದಾಗ ರೋಟರಿನ ಕೆಳಗೆ 7009ಎ, 17 ಜ್ಯುವೆಲ್ ಅಂತ ಇತ್ತು. ಮುಚ್ಚಳ 6309 ಅನ್ನುತ್ತೆ, ಮೆಷಿನ್ 7009 ಅನ್ನುತ್ತೆ. ವಾಚು ತಿರುಗಿಸಿ ಡಯಲ್ ನೋಡಿದರೆ ಅದರ ಮೇಲೆ 21 ಜ್ಯುವೆಲ್ಸ್! ಆರರ ಕೆಳಗೆ ಇರುವೆ ಸಾಲು ಇರಬೇಕಾದ ಕಡೆ ಬರೀ ನೀಲಿ ಬಣ್ಣ, ಒಂದು ಅಂಕಿಯೂ ಇಲ್ಲ. ಆ ಸಣ್ಣ ಸಾಲನ್ನು ಮತ್ತೆ ಒತ್ತುವುದು ಕಷ್ಟದ ಕೆಲಸ, ಅದಕ್ಕೆ ಬಿಟ್ಟೇಬಿಡುತ್ತಾರೆ. ಮೂರು ಭಾಗ, ಮೂರು ಮಾತು. ಐ ಗ್ಲಾಸೂ ಬೇಕಾಗಲಿಲ್ಲ.

ಹಾಗಂತ ನಂಬರು ಹೊಂದಿದ ತಕ್ಷಣ ಕಣ್ಣು ಮುಚ್ಚಿ ಕೊಳ್ಳಬಾರದು. ಒಂದೇ ಮಾಡೆಲ್‌ನ ಹಾಳಾದ ಎರಡು ವಾಚಿನಿಂದ ಒಂದು ಒಳ್ಳೆಯದನ್ನು ಮಾಡಿದ್ದರೆ ನಂಬರೆಲ್ಲ ಹೊಂದುತ್ತೆ. ಅದನ್ನು ಹೊರಗಿನಿಂದ ಹೇಳಲು ಯಾರಿಗೂ ಆಗುವುದಿಲ್ಲ. ನನ್ನ ಲೆಕ್ಕದಲ್ಲಿ ಅಂಥದ್ದನ್ನು ದೂರಬೇಕಾಗಿಯೂ ಇಲ್ಲ. ಕಂಪನಿಯ ಸರ್ವಿಸ್‌ನಲ್ಲೇ ಹೊಸ ಡಯಲ್ ಹಾಕಿಸಿಕೊಂಡ ವಾಚುಗಳೂ ಇವೆ. ಅವುಗಳ ಅಕ್ಷರ ಚೊಕ್ಕ, ಗೆರೆ ಸರಿ, ಆದರೆ ಡಯಲ್ ಕೇಸಿಗಿಂತ ಹತ್ತಿಪ್ಪತ್ತು ವರ್ಷ ಚಿಕ್ಕದು. ಮಾರುವವರು ಅದನ್ನು ಹೇಳಿ ಮಾರಿದರೆ ನನಗೆ ಯಾವ ತಕರಾರೂ ಇಲ್ಲ.

ಫೋಟೋ ನೋಡಿ ಕೊಳ್ಳುವವರಿಗೆ ಒಂದೇ ಮಾತು. ಗಾಜು ತೆಗೆಸಲು ಆಗುವುದಿಲ್ಲ, ಮೆಷಿನ್ ಹೊರಗೆ ತೆಗೆಸಲೂ ಆಗುವುದಿಲ್ಲ. ಆದರೆ ಡಯಲ್ ನೇರವಾಗಿ ಹತ್ತಿರದಿಂದ ತೆಗೆದ ಒಂದು ಫೋಟೋ, ಓರೆ ಬೆಳಕಿನಲ್ಲಿ ಒಂದು, ಮುಚ್ಚಳ ತೆಗೆದು ಒಂದು ಕೇಳಬಹುದು. ಕೊಡುವುದಿಲ್ಲ ಅಂದರೆ ಬಿಡಿ. ಕಿತ್ತಳೆ ಬಣ್ಣದ ಡಯಲ್, ಮೇಲೆ ವಿಮಾನದ ಚಿತ್ರ, ಸೈನ್ಯದ ಲಾಂಛನ ಹಾಕಿ ಹಳೆಯ ಪೈಲಟ್ ಅಂತ ಮಾರುವುದನ್ನಂತೂ ಕೇಳುವುದೂ ಬೇಡ. ಒಳ್ಳೆಯ ಡಯಲ್ ಹೇಗಿರುತ್ತೆ ಅಂತ ಕಣ್ಣಿಗೆ ಅಭ್ಯಾಸ ಆಗಬೇಕಾದರೆ ಜಾಲಹಳ್ಳಿಯಲ್ಲಿ ಎಚ್‌ಎಂಟಿಯವರದೇ ಮ್ಯೂಸಿಯಂ ಇದೆ, ಒಮ್ಮೆ ಹೋಗಿ ಬನ್ನಿ. ನೂರು ಫೋಟೋ ನೋಡುವುದಕ್ಕಿಂತ ಅಲ್ಲಿ ಒಂದು ಗಂಟೆ ನಿಂತರೆ ಜಾಸ್ತಿ ಕಲಿಯಬಹುದು.

ನನಗೆ ಈ ವಿಷಯದಲ್ಲಿ ಇಷ್ಟು ಸಂಕಟ ಯಾಕೆ ಅಂತಲೂ ಹೇಳಬೇಕು. ಅಜ್ಜನ ಜನತಾ ಒಂದಿತ್ತು. ಬಿಳಿ ಡಯಲ್. ಅಜ್ಜ ಹೊಲದಲ್ಲಿ ಕೆಲಸ ಮಾಡುವಾಗಲೂ ಕಟ್ಟಿಕೊಂಡೇ ಇರುತ್ತಿದ್ದರು. ಒಮ್ಮೆ ಮಳೆಯಲ್ಲಿ ನೀರು ಒಳಗೆ ಹೋಗಿ ನಾಲ್ಕರ ಪಕ್ಕ ಹುಣಸೆ ಬೀಜದ ಆಕಾರದ ಕಂದು ಕಲೆ ಆಗಿತ್ತು. ಚಿಕ್ಕವನಾಗಿದ್ದಾಗ ಟೈಮ್ ನೋಡುವುದನ್ನು ನಾನು ಕಲಿತದ್ದು ಅದರಲ್ಲೇ. "ಮುಳ್ಳು ಬೀಜದ ಹತ್ರ ಬಂದಾಗ ದನ ಹೊಡ್ಕೊಂಡು ಬಾ" ಅನ್ನುತ್ತಿದ್ದರು ಅಜ್ಜ. ಅವರು ಹೋದ ಮೇಲೆ, 1994ರಲ್ಲಿ, ನಾನು ಅದನ್ನು ಒಂದು ಅಂಗಡಿಗೆ ಸರ್ವಿಸ್‌ಗೆ ಕೊಟ್ಟೆ. "ಡಯಲ್ ಹಾಳಾಗಿದೆ ಸಾರ್, ಹೊಸದರ ಥರ ಮಾಡಿಕೊಡ್ತೀವಿ, ನಲವತ್ತು ರೂಪಾಯಿ" ಅಂದರು. ನಾನು ಆಗಲಿ ಅಂದೆ. ಅವರು ಮೋಸ ಮಾಡಲಿಲ್ಲ. ಆ ಕಾಲದಲ್ಲಿ ಎಲ್ಲರೂ ಹಾಗೇ ಮಾಡಿಸುತ್ತಿದ್ದರು, ಗೋಡೆಗೆ ಸುಣ್ಣ ಹೊಡೆಸಿದ ಹಾಗೆ. ಒಂದು ವಾರದ ನಂತರ ಹೊಳೆಯುವ ಬಿಳಿ ಡಯಲ್ ಬಂತು. ಅಮ್ಮ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದು ಮಾವನವರ ವಾಚಲ್ಲ ಕಣೋ" ಅಂದರು. ಕಲೆ ಇರಲಿಲ್ಲ. ಜನತಾ ಅನ್ನೋ ಹೆಸರು ಸ್ವಲ್ಪ ಎಡಕ್ಕೆ ವಾಲಿತ್ತು. ಆ ವಾಚು ಇವತ್ತಿಗೂ ನನ್ನ ಹತ್ತಿರ ಇದೆ, ಓಡುತ್ತೆ. ನಾಲ್ಕು ಗಂಟೆಗೆ ಅದನ್ನು ನೋಡಲು ಮನಸ್ಸಾಗುವುದಿಲ್ಲ.

ಹುಡುಗ ಪೈಲಟ್ ವಾಪಸ್ ಕಳಿಸಲಿಲ್ಲ. ಮೆಷಿನ್ ಚೆನ್ನಾಗಿದೆ, ಕಟ್ಟಿಕೊಳ್ಳುತ್ತೇನೆ ಅಂದ. ಆದರೆ ಅವತ್ತು ಸಂಜೆ ಹೊರಡುವ ಮುಂಚೆ ನನ್ನ ಹತ್ತಿರ ಒಂದು ಚೀಟಿ ಕೇಳಿ ಇಸ್ಕೊಂಡ. ಅದರ ಮೇಲೆ ಬರೆದ: "ಮೆಷಿನ್ ಎಚ್‌ಎಂಟಿ 0231. ಕೇಸ್ ಹಳೆಯದು, ಲೇಪ ಹೊಸದು. ಡಯಲ್ ಮತ್ತೆ ಬಳಿದದ್ದು, ಒಂದು ಕಾಲು ಮುರಿದಿದೆ. ಮುಳ್ಳು ಗೊತ್ತಿಲ್ಲ." ತಾರೀಖು ಹಾಕಿ, ನಾಲ್ಕು ಮಡಿಕೆ ಮಡಚಿ, ವಾಚಿನ ಡಬ್ಬಿಯ ತಳದಲ್ಲಿ ಇಟ್ಟುಕೊಂಡ.